ಅಕ್ಕ ಕಳಿಸಿದ 2,000 ಪೌಂಡಿನಲ್ಲಿ ಆರು ಸಾವಿರ ರೂಪಾಯಿ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಅಕ್ಕ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆ ಭೋಗ್ಯಕ್ಕೆಂದು 2,000 ಪೌಂಡ್ ಕಳಿಸಿದಳು. ಫೋನಿನಲ್ಲಿ ಪೌಂಡಿಗೆ 115 ರೂಪಾಯಿ ತೋರಿಸುತ್ತಿತ್ತು, 2,30,000 ಬರುತ್ತದೆ ಎಂದುಕೊಂಡಿದ್ದೆ. ರಾಜಾಜಿನಗರದ ನನ್ನ ಖಾತೆಯಲ್ಲಿ ಕೊನೆಗೆ ಉಳಿದದ್ದು 2,23,557 ರೂಪಾಯಿ 34 ಪೈಸೆ. ಕೇಳಿದ್ದಕ್ಕೆ ಅಕ್ಕ ಪತ್ರ ಬರೆದಿದ್ದಾಳೆ: "ತಮ್ಮಾ, ನಾನು ಎರಡು ಸಾವಿರ ಪೂರ್ತಿ ಕಳಿಸಿದ್ದೀನಿ, ಫೀಸು ಹತ್ತು ಪೌಂಡ್ ಬೇರೆ ಕಟ್ಟಿದ್ದೀನಿ. ಮಧ್ಯದಲ್ಲಿ ಯಾವುದೋ ಬ್ಯಾಂಕು ಸ್ವಲ್ಪ ಹಿಡ್ಕೊಳ್ಳುತ್ತಂತೆ. ಉಳಿದದ್ದೆಲ್ಲ ಅಲ್ಲಿ ಜಿಎಸ್‌ಟಿಗೆ ಹೋಗಿರಬೇಕು, ಬ್ಯಾಂಕಲ್ಲಿ ಕೇಳು." ಬ್ಯಾಂಕಿನವರು ಮಾತ್ರ "ನಾವು ಒಂದು ರೂಪಾಯಿಯೂ ಚಾರ್ಜ್ ಹಾಕಿಲ್ಲ" ಅನ್ನುತ್ತಾರೆ. ಸ್ಟೇಟ್‌ಮೆಂಟ್ ಪ್ರತಿ ಮತ್ತು ಆ ದಿನದ ಬ್ಯಾಂಕಿನ ರೇಟ್ ಪಟ್ಟಿ ಜೊತೆಗಿಟ್ಟಿದ್ದೇನೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಅಕ್ಕನ ಪತ್ರದ ಮೊದಲ ಎರಡು ಮಾತು ಸರಿ, ಜಿಎಸ್‌ಟಿ ಬಗ್ಗೆ ಅವರು ಮಾಡಿದ ಊಹೆ ತಪ್ಪು. ಬ್ಯಾಂಕಿನವರು ಚಾರ್ಜ್ ಹಾಕಿಲ್ಲ ಎಂದದ್ದೂ ನಿಜ. ಆದರೆ ನಿಮಗೆ ಕಡಿಮೆಯಾದ 6,442 ರೂಪಾಯಿ 66 ಪೈಸೆಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಹೋಗಿರುವುದು ಚಾರ್ಜ್ ಎಂಬ ಹೆಸರೇ ಇಲ್ಲದ ಜಾಗಕ್ಕೆ, ಅಂದರೆ ರೇಟಿಗೆ. ಅದನ್ನು ಪತ್ರವೂ ಹೇಳಿಲ್ಲ, ಕೌಂಟರಿನವರೂ ಹೇಳಿಲ್ಲ.

ನಿಮ್ಮ ಸ್ಟೇಟ್‌ಮೆಂಟಿನಿಂದಲೇ ಶುರು ಮಾಡೋಣ. ಅದರಲ್ಲಿ ಈ ಹಣಕ್ಕೆ ಸಂಬಂಧಿಸಿದ ಮೂರು ಸಾಲುಗಳಿವೆ. 2,23,848.80 ಜಮಾ ಆಗಿದೆ. ಅದರ ಕೆಳಗೆ 145.73 ರೂಪಾಯಿಯಂತೆ ಎರಡು ಸಲ ಖರ್ಚು ಬಿದ್ದಿದೆ, ಒಂದು ಕೇಂದ್ರದ ಜಿಎಸ್‌ಟಿ, ಇನ್ನೊಂದು ರಾಜ್ಯದ್ದು. ರೇಟ್ ಪಟ್ಟಿಯಲ್ಲಿ ಪೌಂಡಿನ ಸಾಲಿನಲ್ಲಿ 'ಟಿಟಿ ಬೈಯಿಂಗ್' ಎಂಬ ಕಲಮಿನ ಕೆಳಗೆ 112.60 ಇದೆ. ಈಗ ಕ್ಯಾಲ್ಕುಲೇಟರಿನಲ್ಲಿ ಜಮಾ ಮೊತ್ತವನ್ನು ಈ ರೇಟಿನಿಂದ ಭಾಗಿಸಿ. 2,23,848.80 ಭಾಗಿಸು 112.60 ಅಂದರೆ ಸರಿಯಾಗಿ 1,988 ಬರುತ್ತದೆ. ನಿಮ್ಮ ಬ್ಯಾಂಕಿಗೆ ತಲುಪಿದ್ದೇ 1,988 ಪೌಂಡ್, ಎರಡು ಸಾವಿರ ಅಲ್ಲ.

ಬ್ಯಾಂಕಿನಿಂದ ಕಾಗದ ಬರುವ ಮೊದಲೇ ಮನೆಯಲ್ಲಿ ಕೂತು ಮಾಡಬಹುದಾದ ಪರೀಕ್ಷೆ ಇದು. ಮಧ್ಯದ ಬ್ಯಾಂಕುಗಳು ಹಿಡಿಯುವುದು ಸಾಮಾನ್ಯವಾಗಿ ದುಂಡು ಮೊತ್ತ. ಹಾಗಾಗಿ ಸರಿಯಾದ ರೇಟಿನಿಂದ ಭಾಗಿಸಿದರೆ ಉತ್ತರವೂ 1,988, 1,985 ಎಂಬಂತೆ ದುಂಡಗೆ ಬರುತ್ತದೆ. 1,991.37 ಎಂಬಂಥ ಉತ್ತರ ಬಂದರೆ ನೀವು ಹಿಡಿದಿರುವ ರೇಟು ಬೇರೆ ದಿನದ್ದೋ ಬೇರೆ ಕಲಮಿನದ್ದೋ ಎಂದು ಮೊದಲು ಅನುಮಾನಿಸಿ. ಕೆಲವು ಬ್ಯಾಂಕುಗಳು ಜಿಎಸ್‌ಟಿ ಕಳೆದೇ ಜಮಾ ಮಾಡುತ್ತವೆ. ಹಾಗಿದ್ದರೆ ಆ ತೆರಿಗೆಯನ್ನು ಮತ್ತೆ ಕೂಡಿಸಿಕೊಂಡು ಭಾಗಿಸಬೇಕು.

ಹಾಗಾದರೆ ಆ 12 ಪೌಂಡ್ ಎಲ್ಲಿ ಹೋಯಿತು? ಅಕ್ಕನ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನೇರವಾಗಿ ಲೆಕ್ಕಪತ್ರ ಇಲ್ಲದಿದ್ದರೆ ಇಬ್ಬರಿಗೂ ಖಾತೆ ಇರುವ ಮೂರನೆಯ ಬ್ಯಾಂಕಿನ ಮೂಲಕ ಹಣ ಹಾಯಬೇಕು. ಸ್ವಿಫ್ಟ್ ಎನ್ನುವುದು ಹಣ ಸಾಗಿಸುವ ಗಾಡಿ ಅಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಆದೇಶ ತಲುಪಿಸುವ ಸಂದೇಶ ಅಷ್ಟೆ. ನಿಜವಾದ ಜಮಾ ಖರ್ಚು ಆಗುವುದು ಮಧ್ಯದ ಬ್ಯಾಂಕಿನ ಪುಸ್ತಕದಲ್ಲಿ, ಆ ಕೆಲಸಕ್ಕೆ ಅದು ಕೂಲಿ ಹಿಡಿಯುತ್ತದೆ. ಆ ಕೂಲಿ ಯಾರ ತಲೆಗೆ ಎನ್ನುವುದು ಹಣ ಕಳಿಸುವಾಗ ಅಕ್ಕನ ಪರದೆಯಲ್ಲಿ ಆಯ್ಕೆಯಾಗಿರುತ್ತದೆ. SHA ಅಂದರೆ ಕಳಿಸುವವರು ತಮ್ಮ ಬ್ಯಾಂಕಿನ ಫೀಸು ಮಾತ್ರ ಕಟ್ಟುತ್ತಾರೆ, ದಾರಿಯಲ್ಲಿ ಆಗುವುದು ಹಣ ಪಡೆಯುವವರ ಪಾಲಿಗೆ. OUR ಅಂದರೆ ಎಲ್ಲವೂ ಕಳಿಸುವವರದು. BEN ಅಂದರೆ ಎಲ್ಲವೂ ಪಡೆಯುವವರದು. ಅಕ್ಕ ಹತ್ತು ಪೌಂಡ್ ಬೇರೆಯಾಗಿ ಕಟ್ಟಿದ್ದಾರೆ, ದಾರಿಯಲ್ಲೂ ಹಣ ಕಡಿಮೆಯಾಗಿದೆ. ಇವೆರಡೂ ಸೇರಿದರೆ SHA ಆಗಿರುವ ಸಾಧ್ಯತೆಯೇ ಹೆಚ್ಚು.

ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ನಡುವೆ ಅನುಮಾನ ಹುಟ್ಟುವುದು ಬಹುಪಾಲು ಇಲ್ಲೇ. ಅಕ್ಕ ತಮ್ಮ ಬ್ಯಾಂಕಿನಿಂದ ಪ್ರತಿ ತೆಗೆಸಿ ಕಳಿಸಿದರೆ ಅದರಲ್ಲಿ 2,000 ಎಂದೇ ಇರುತ್ತದೆ. ಅವರ ಬ್ಯಾಂಕಿನಿಂದ ಹೊರಟಾಗ ಮೊತ್ತ ಅಷ್ಟೇ ಇತ್ತು. ಮಧ್ಯದ ಬ್ಯಾಂಕು ಅದನ್ನು ಮುಂದೆ ದಾಟಿಸುವಾಗ ಹೊಸದೊಂದು ಸಂದೇಶ ಬರೆಯುತ್ತದೆ. ನಿಮ್ಮ ಬ್ಯಾಂಕಿಗೆ ತಲುಪಿದ ಆ ಸಂದೇಶದಲ್ಲಿ ಹಣದ ಸಾಲುಗಳು ಹೀಗಿರುತ್ತವೆ:

```
:32A:250312GBP1988,00
:33B:GBP2000,00
:71A:SHA
:71F:GBP12,00
```

33B ಎನ್ನುವುದು ಅಕ್ಕ ಕಳಿಸಲು ಹೇಳಿದ ಮೊತ್ತ. 71F ದಾರಿಯಲ್ಲಿ ಹಿಡಿದದ್ದು. 32A ಎಂಬಲ್ಲಿ ಮೊದಲ ಆರು ಅಂಕಿ ವರ್ಷ, ತಿಂಗಳು, ದಿನ (ಇಲ್ಲಿರುವುದು ಮಾದರಿಗೆ ಹಾಕಿದ ದಿನಾಂಕ), ಆಮೇಲೆ ನಿಜವಾಗಿ ಕೈಸೇರಿದ ಮೊತ್ತ. ಒಂದಕ್ಕಿಂತ ಹೆಚ್ಚು ಬ್ಯಾಂಕುಗಳು ಹಿಡಿದಿದ್ದರೆ 71F ಸಾಲು ಅಷ್ಟು ಸಲ ಬರುತ್ತದೆ. ಇದು ಬ್ಯಾಂಕಿನವರು '103 ಕಾಪಿ' ಎಂದು ಕರೆಯುವ ಹಳೆಯ ನಮೂನೆ. 2025ರ ನವೆಂಬರಿನಿಂದ ಬ್ಯಾಂಕುಗಳ ನಡುವೆ ಹೊಸ ನಮೂನೆ ಬಂದಿದೆ. ಅದರಲ್ಲಿ 33B ಬದಲು InstdAmt, 32A ಮೊತ್ತದ ಬದಲು IntrBkSttlmAmt, SHA ಬದಲು SHAR ಎಂದು ಕಾಣಬಹುದು. ಲೆಕ್ಕ ಮಾತ್ರ ಅದೇ.

ಯಾವ ಬ್ಯಾಂಕು ಹಿಡಿಯಿತು ಎಂಬುದೂ ಬೇಕಿದ್ದರೆ ಅಕ್ಕ ತಮ್ಮ ಬ್ಯಾಂಕಿನಲ್ಲಿ UETR ಕೇಳಬೇಕು. ಪ್ರತಿ ಸ್ವಿಫ್ಟ್ ವರ್ಗಾವಣೆಗೂ ಇರುವ, ಅಡ್ಡಗೆರೆಗಳೂ ಸೇರಿ 36 ಅಕ್ಷರದ ಗುರುತು ಅದು, ದಾರಿಯುದ್ದಕ್ಕೂ ಬದಲಾಗುವುದಿಲ್ಲ. ಆ ಗುರುತು ಹಾಕಿ ನೋಡಿದರೆ ಹಣ ಯಾವ ಬ್ಯಾಂಕಿನಲ್ಲಿ ಯಾವಾಗ ಇತ್ತು, ಎಲ್ಲಿ ಎಷ್ಟು ಕಡಿತವಾಯಿತು ಎಂದು ಅವರ ಬ್ಯಾಂಕಿನ ಸಿಬ್ಬಂದಿಗೆ ಕಾಣುತ್ತದೆ. SHA ಆಗಿದ್ದರೆ ಆ 12 ಪೌಂಡ್ ವಾಪಸ್ ಕೇಳಲು ಬರುವುದಿಲ್ಲ. OUR ಆರಿಸಿ, ಅದಕ್ಕೆ ಹೆಚ್ಚಿನ ಫೀಸನ್ನೂ ಕಟ್ಟಿದ ಮೇಲೆ ದಾರಿಯಲ್ಲಿ ಕಡಿತವಾಗಿದ್ದರೆ ಅಕ್ಕ ತಮ್ಮ ಬ್ಯಾಂಕಿಗೆ ದೂರು ಕೊಡಬೇಕು, ಅಲ್ಲಿ ಅವರ ವಾದಕ್ಕೆ ಬಲವಿದೆ.

ಇಷ್ಟಾದರೂ ಇದು 12 ಪೌಂಡಿನ ಮಾತು, 115ರ ಲೆಕ್ಕದಲ್ಲಿ 1,380 ರೂಪಾಯಿ. ದೊಡ್ಡ ಮೊತ್ತ ಬೇರೆ ಕಡೆ ಇದೆ.

ಫೋನಿನಲ್ಲಿ ನೀವು ನೋಡಿದ 115 ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂಕಿ. ನಿಮ್ಮ ಬ್ಯಾಂಕಿನ ದೃಷ್ಟಿಯಲ್ಲಿ ನೀವು ಪೌಂಡ್ ಮಾರಲು ಬಂದವರು, ಅದು ಕೊಳ್ಳುವ ಬ್ಯಾಂಕು. ಕೆ.ಆರ್. ಮಾರ್ಕೆಟ್ಟಿನಲ್ಲಿ ರೈತ ಸೇವಂತಿಗೆ ಮಾರುವ ಬೆಲೆ ಮತ್ತು ನಾವು ಅದೇ ಹೂವನ್ನು ಮೊಳಕ್ಕೆ ಕೊಳ್ಳುವ ಬೆಲೆ ಒಂದೇ ಆಗಿರುವುದಿಲ್ಲವಲ್ಲ, ಹಾಗೆ. ತಂತಿಯ ಮೂಲಕ ಬಂದ ಹಣವನ್ನು ಬ್ಯಾಂಕು ಕೊಳ್ಳುವ ಬೆಲೆಯೇ ಟಿಟಿ ಬೈಯಿಂಗ್. ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ನೋಟು ಕೊಳ್ಳುವ ದರ ಇನ್ನೂ ಕಡಿಮೆಯಲ್ಲಿ, ಮಾರುವ ದರ ಮೇಲೆ ಇರುತ್ತವೆ. ಗ್ರಾಹಕರು ಮಾರುವ ಕಲಮನ್ನು ನೋಡಿ ಜಗಳಕ್ಕೆ ಹೋಗುವುದು ಆಗಾಗ ನಡೆಯುತ್ತದೆ. ನಿಮ್ಮ ಕಲಮು ಟಿಟಿ ಬೈಯಿಂಗ್ ಒಂದೇ.

115ಕ್ಕೂ 112.60ಕ್ಕೂ ನಡುವೆ ಪೌಂಡಿಗೆ 2 ರೂಪಾಯಿ 40 ಪೈಸೆ ಅಂತರ. 1,988 ಪೌಂಡಿಗೆ ಅದು 4,771 ರೂಪಾಯಿ 20 ಪೈಸೆ. ಇದು ಸ್ಟೇಟ್‌ಮೆಂಟಿನಲ್ಲಿ ಎಲ್ಲೂ ಕಾಣುವುದಿಲ್ಲ, ಏಕೆಂದರೆ ನಿಮ್ಮ ಖಾತೆಗೆ ಬರುವ ಮೊದಲೇ ಬೆಲೆಯೊಳಗೆ ಸೇರಿಹೋಗಿದೆ. "ಚಾರ್ಜ್ ಹಾಕಿಲ್ಲ" ಎನ್ನುವ ಕೌಂಟರಿನ ಮಾತು ಅಕ್ಷರಶಃ ನಿಜವಾಗುವುದು ಹೀಗೆ. ನನ್ನನ್ನು ಕೇಳಿದರೆ ಅಷ್ಟಕ್ಕೇ ನಿಲ್ಲಿಸದೆ ರೇಟಿನ ಕಥೆಯನ್ನೂ ಹೇಳಬೇಕಿತ್ತು. ಪೌಂಡಿಗೆ ಈ ಅಂತರ ಡಾಲರಿಗಿಂತ ಅಗಲವಾಗಿರುವುದೂ ಸಾಮಾನ್ಯ. ನಮ್ಮಲ್ಲಿ ರೂಪಾಯಿಯ ವ್ಯಾಪಾರ ಹೆಚ್ಚಾಗಿ ನಡೆಯುವುದು ಡಾಲರಿನ ಎದುರು. ಪೌಂಡಿನ ದರವನ್ನು ಡಾಲರ್ ಮೂಲಕ ಗುಣಿಸಿ ತೆಗೆಯುತ್ತಾರೆ, ಎರಡು ಕಡೆಯ ಏರಿಳಿತಕ್ಕೂ ಬ್ಯಾಂಕು ಜಾಗ ಇಟ್ಟುಕೊಳ್ಳುತ್ತದೆ.

ಇನ್ನು ಜಿಎಸ್‌ಟಿ. 18 ಪರ್ಸೆಂಟ್ ಎಂಬುದನ್ನು ಕೇಳಿದವರು ಬಂದ ಹಣಕ್ಕೆಲ್ಲ 18 ಪರ್ಸೆಂಟ್ ಎಂದುಕೊಳ್ಳುತ್ತಾರೆ. ಹಾಗಾಗಿದ್ದರೆ ನಿಮಗೆ ನಲವತ್ತು ಸಾವಿರ ಹೋಗುತ್ತಿತ್ತು. ಆ 18 ಪರ್ಸೆಂಟ್ ಬೀಳುವುದು ಹಣ ಬದಲಿಸಿಕೊಟ್ಟ ಸೇವೆಯ ಬೆಲೆಯ ಮೇಲೆ ಮಾತ್ರ. ಆ ಬೆಲೆ ಎಷ್ಟೆಂದು ಲೆಕ್ಕ ಹಾಕಲು ನಿಯಮದಲ್ಲಿ ಒಂದು ಸೂತ್ರ ಇದೆ. ಒಂದು ಲಕ್ಷ ರೂಪಾಯಿವರೆಗೆ ಬದಲಿಸಿದ ಮೊತ್ತದ 1 ಪರ್ಸೆಂಟ್, ಆದರೆ 250 ರೂಪಾಯಿಗೆ ಕಡಿಮೆಯಿಲ್ಲ. ಒಂದರಿಂದ ಹತ್ತು ಲಕ್ಷದವರೆಗೆ 1,000 ರೂಪಾಯಿ ಮತ್ತು ಲಕ್ಷಕ್ಕೆ ಮೇಲ್ಪಟ್ಟ ಮೊತ್ತದ ಅರ್ಧ ಪರ್ಸೆಂಟ್. ನಿಮ್ಮ ಲೆಕ್ಕದಲ್ಲಿ ಲಕ್ಷದ ಮೇಲೆ 1,23,848.80 ಇದೆ, ಅದರ ಅರ್ಧ ಪರ್ಸೆಂಟ್ 619.24. ಸಾವಿರ ಸೇರಿ 1,619.24. ಇದರ 18 ಪರ್ಸೆಂಟ್ 291 ರೂಪಾಯಿ 46 ಪೈಸೆ, ಅದನ್ನೇ ಎರಡು ಭಾಗ ಮಾಡಿ 145.73ರಂತೆ ಹಾಕಿದ್ದಾರೆ. ಪೈಸೆಗೆ ಪೈಸೆ ಸರಿಯಿದೆ. 4,771.20, 1,380, 291.46 ಈ ಮೂರನ್ನೂ ಕೂಡಿದರೆ ನಿಮಗೆ ಕಡಿಮೆಯಾದ 6,442.66 ಬರುತ್ತದೆ, ಬಾಕಿ ಏನೂ ಉಳಿಯುವುದಿಲ್ಲ.

ಎಲ್ಲ ಸಲವೂ ಹೀಗೆ ಬಾಕಿಯಿಲ್ಲದೆ ಹೊಂದುವುದಿಲ್ಲ. ಹೊಂದದಿದ್ದಾಗ ಮೊದಲು ನೋಡಬೇಕಾದ್ದು ದಿನಾಂಕ. ನಿಮಗೆ ಅನ್ವಯವಾಗುವುದು ಅಕ್ಕ ಬಟನ್ ಒತ್ತಿದ ದಿನದ ರೇಟಲ್ಲ, ಇಲ್ಲಿ ಪೌಂಡ್ ರೂಪಾಯಿಯಾದ ದಿನದ್ದು. ನಮ್ಮ ಬ್ಯಾಂಕುಗಳ ನಡುವಿನ ವಿದೇಶಿ ವಿನಿಮಯ ಮಾರುಕಟ್ಟೆ ಮಧ್ಯಾಹ್ನ 3:30ಕ್ಕೆ ಮುಚ್ಚುತ್ತದೆ. ಆಗ ಇಂಗ್ಲೆಂಡಿನಲ್ಲಿ ಚಳಿಗಾಲವಾದರೆ ಬೆಳಿಗ್ಗೆ 10, ಬೇಸಿಗೆಯಾದರೆ 11 ಗಂಟೆ. ನೈಟ್ ಡ್ಯೂಟಿ ಮುಗಿಸಿ, ಮಲಗಿ ಎದ್ದು ಮಧ್ಯಾಹ್ನ ಕಳಿಸಿದ ಹಣಕ್ಕೆ ಅಂದಿನ ರೇಟು ಸಿಗುವ ಸಂಭವವೇ ಕಡಿಮೆ. ಶುಕ್ರವಾರ ಸಂಜೆ ಕಳಿಸಿದ್ದು ಸೋಮವಾರವೋ ಮಂಗಳವಾರವೋ ಬದಲಾಗುತ್ತದೆ. ಅಷ್ಟರಲ್ಲಿ ಪೌಂಡ್ 60 ಪೈಸೆ ಇಳಿದಿದ್ದರೆ 2,000 ಪೌಂಡಿಗೆ 1,200 ರೂಪಾಯಿ ಹೋಯಿತು. ಅದು ಯಾರೂ ಹಿಡಿದ ಹಣವಲ್ಲ. ಏರಿದ್ದರೆ ಅಷ್ಟೇ ಹೆಚ್ಚಿಗೆ ಬರುತ್ತಿತ್ತು, ಆಗ ಯಾರೂ ಪತ್ರ ಬರೆಯುವುದಿಲ್ಲ.

ಎರಡನೆಯದಾಗಿ, ಅಕ್ಕ ಹಣವನ್ನು ಪೌಂಡಾಗಿಯೇ ಕಳಿಸಿದರೋ ರೂಪಾಯಿ ಮಾಡಿ ಕಳಿಸಿದರೋ ಕೇಳಿ. ಅಲ್ಲಿನ ಎಷ್ಟೋ ಬ್ಯಾಂಕುಗಳ ಆ್ಯಪ್‌ನಲ್ಲಿ ಎರಡೂ ಆಯ್ಕೆ ಇರುತ್ತದೆ. ರೂಪಾಯಿ ಆರಿಸಿದರೆ ಪೌಂಡನ್ನು ಕೊಳ್ಳುವುದು ಅಕ್ಕನ ಬ್ಯಾಂಕು, ರೇಟಿನ ಅಂತರವನ್ನು ಇಟ್ಟುಕೊಳ್ಳುವುದೂ ಅದೇ. ಆಗ ನಿಮ್ಮ ಬ್ಯಾಂಕಿನ ಟಿಟಿ ಬೈಯಿಂಗ್ ನೋಡಿ ಪ್ರಯೋಜನವಿಲ್ಲ, ಅಕ್ಕನ ಪರದೆಯಲ್ಲಿ ಕಂಡ ರೇಟನ್ನೇ ಹಿಡಿಯಬೇಕು. ನಿಮ್ಮ ಸಂಗತಿಯಲ್ಲಿ 112.60ರಿಂದ ಭಾಗಿಸಿದಾಗ ಉತ್ತರ ದುಂಡಗೆ ಬಂದಿದೆ, ಬದಲಾವಣೆಯ ಜಿಎಸ್‌ಟಿಯೂ ಇಲ್ಲೇ ಬಿದ್ದಿದೆ. ಹಾಗಾಗಿ ಹಣ ಪೌಂಡಾಗಿಯೇ ಬಂದಿದೆ.

ಇದನ್ನೆಲ್ಲ ಊಹೆಯಲ್ಲಿ ಬಿಡದೆ ಕಾಗದದ ಮೇಲೆ ತರಿಸಿಕೊಳ್ಳಿ. ಶಾಖೆಗೆ ಹೋಗಿ "ಚಾರ್ಜ್ ಎಷ್ಟು" ಎಂದು ಕೇಳಬೇಡಿ, ಮತ್ತೆ ಅದೇ ಉತ್ತರ ಬರುತ್ತದೆ. 'ಫಾರಿನ್ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್' ಕೊಡಿ ಎಂದು ಬರೆದು ಕೊಡಿ. ಅದರಲ್ಲಿ ಬಂದ ಪೌಂಡ್ ಎಷ್ಟು, ಯಾವ ದಿನ ಯಾವ ರೇಟಿಗೆ ಬದಲಾಯಿತು, ರೂಪಾಯಿ ಎಷ್ಟಾಯಿತು, ಯಾವ ಉದ್ದೇಶದ ಕೋಡ್ ಹಾಕಿದ್ದಾರೆ ಎಲ್ಲ ಇರುತ್ತದೆ. ಸಣ್ಣ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸವೇ ನಡೆಯುವುದಿಲ್ಲ, ಅದು ಬ್ಯಾಂಕಿನ ಬೇರೊಂದು ಕೇಂದ್ರದಲ್ಲಿ ಆಗುತ್ತದೆ. ಆದ್ದರಿಂದ ಕೌಂಟರಿನವರಿಗೆ ತಕ್ಷಣ ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ, ಅರ್ಜಿ ತೆಗೆದುಕೊಂಡು ಅಲ್ಲಿಗೆ ಕಳಿಸಲು ಹೇಳಿ. ಅಡ್ವೈಸಿನಲ್ಲಿರುವ ರೇಟು ಅದೇ ದಿನದ ಅವರದೇ ಪಟ್ಟಿಗಿಂತ ಕಡಿಮೆ ಇದ್ದರೆ ಆಗ ದೂರಿಗೆ ಜಾಗವಿದೆ. ಆದರೆ ಪಟ್ಟಿ ಒಂದೇ ದಿನದಲ್ಲಿ ಬದಲಾಗಬಹುದು, ಹೊತ್ತನ್ನೂ ನೋಡಿ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ cms.rbi.org.in ಮೂಲಕ ಹೋಗಬಹುದು. ಪಟ್ಟಿಯ ರೇಟು ಫೋನಿನ ರೇಟಿಗಿಂತ ಕಡಿಮೆ ಎಂಬ ದೂರು ಮಾತ್ರ ನಿಲ್ಲುವುದಿಲ್ಲ.

ಮುಂದಿನ ಸಲಕ್ಕೆ ಏನು ಮಾಡಬೇಕು ಎಂಬುದು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಫೀಸು ಎಷ್ಟು, ರೇಟು ಎಷ್ಟು ಎಂದು ಬೇರೆ ಬೇರೆ ಹೋಲಿಸಬೇಡಿ. ಖಾತೆಯಲ್ಲಿ ಉಳಿದ ರೂಪಾಯಿಯನ್ನು ಅಕ್ಕನ ಕೈಯಿಂದ ಹೋದ ಒಟ್ಟು ಪೌಂಡಿನಿಂದ ಭಾಗಿಸಿ. ಈ ಸಲ ಅವರಿಂದ ಹೋದದ್ದು ಫೀಸೂ ಸೇರಿ 2,010 ಪೌಂಡ್, ನಿಮಗೆ ಸಿಕ್ಕಿದ್ದು 2,23,557.34. ಪೌಂಡಿಗೆ 111 ರೂಪಾಯಿ 22 ಪೈಸೆ ಬಿತ್ತು. ಅದೇ ದಿನ ಇನ್ನೊಂದು ಸೇವೆ ಹತ್ತು ಪೌಂಡ್ ಫೀಸು ಪಡೆದು 114.40ರ ರೇಟಿನಲ್ಲಿ ರೂಪಾಯಿಯಾಗಿಯೇ ಜಮಾ ಮಾಡಿದ್ದರೆ 2,28,800 ಬರುತ್ತಿತ್ತು, ಪೌಂಡಿಗೆ 113 ರೂಪಾಯಿ 83 ಪೈಸೆ. ಫೀಸು ಎರಡರಲ್ಲೂ ಒಂದೇ, ಕೈಗೆ ಬಂದ ವ್ಯತ್ಯಾಸ ಮಾತ್ರ ಐದು ಸಾವಿರಕ್ಕೆ ಮೇಲೆ. 'ಜೀರೋ ಫೀಸ್' ಎಂದು ದೊಡ್ಡದಾಗಿ ಬರೆದಿರುವ ಕಡೆ ಈ ಭಾಗಾಕಾರವನ್ನು ಎರಡು ಸಲ ಮಾಡಿ.

ಆ್ಯಪ್‌ಗಳ ಪೈಕಿ ಕೆಲವು ಎಂಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಹಣ ತಲುಪಿಸುತ್ತವೆ. ಅದರಲ್ಲಿ ಒಂದು ಸಲಕ್ಕೆ 2,500 ಡಾಲರ್ ಮಿತಿ, ಒಬ್ಬ ವ್ಯಕ್ತಿಗೆ ವರ್ಷಕ್ಕೆ 30 ಸಲ, ನಗದಾಗಿ ಕೊಡುವುದು 50,000 ರೂಪಾಯಿವರೆಗೆ ಮಾತ್ರ. ಪೌಂಡಿನ ಬೆಲೆ 1.25 ಡಾಲರಿಗಿಂತ ಹೆಚ್ಚಿದ್ದರೆ 2,000 ಪೌಂಡ್ ಈ ದಾರಿಯಲ್ಲಿ ಒಂದೇ ಸಲಕ್ಕೆ ಹಾಯುವುದಿಲ್ಲ, ಎರಡು ಕಂತು ಮಾಡಬೇಕಾಗುತ್ತದೆ.

ಬ್ಯಾಂಕಿನ ಸ್ವಿಫ್ಟ್ ದಾರಿಯಲ್ಲೇ ಕಳಿಸುವುದಾದರೆ ಮಾತ್ರ ಕಂತು ಮಾಡಬೇಡಿ. ಮಧ್ಯದ ಬ್ಯಾಂಕಿನ ಕೂಲಿ ಮೊತ್ತಕ್ಕೆ ತಕ್ಕಂತೆ ಇಳಿಯುವುದಿಲ್ಲ. 500 ಪೌಂಡಿನಂತೆ ನಾಲ್ಕು ಸಲ ಕಳಿಸಿದರೆ 12ರ ಬದಲು 48 ಪೌಂಡ್, ಅಂದರೆ 5,520 ರೂಪಾಯಿ ದಾರಿಯಲ್ಲೇ ಹೋಗುತ್ತದೆ. ಅಕ್ಕನ ಬ್ಯಾಂಕಿಗೂ ಹತ್ತರ ಬದಲು ನಲವತ್ತು ಪೌಂಡ್. ಜಿಎಸ್‌ಟಿಯಲ್ಲೂ ಲಕ್ಷದ ಮೇಲಿನ ಅರ್ಧ ಪರ್ಸೆಂಟ್ ಅನುಕೂಲ ತಪ್ಪಿ 291ರ ಬದಲು ಸುಮಾರು 396 ಆಗುತ್ತದೆ. ಬದಲಿಗೆ ದೊಡ್ಡ ಮೊತ್ತ ಬರುವುದಿದ್ದರೆ ಮೊದಲೇ ಬ್ಯಾಂಕಿಗೆ ತಿಳಿಸಿ, ಪಟ್ಟಿಯ ರೇಟಿಗಿಂತ ಮೇಲೆ ಡೀಲ್ ರೇಟು ಕೊಡುತ್ತೀರಾ ಎಂದು ಕೇಳಿ. ಹಣ ಬಂದು ರೂಪಾಯಿಯಾದ ಮೇಲೆ ಕೇಳಿದರೆ ಏನೂ ಆಗುವುದಿಲ್ಲ. OUR ಆರಿಸುವುದರಿಂದ ಲಾಭವೇ ಎಂಬುದು ಅದಕ್ಕೆ ಅಕ್ಕನ ಬ್ಯಾಂಕು ಹೆಚ್ಚಿಗೆ ಕೇಳುವ ಫೀಸು 12 ಪೌಂಡಿಗಿಂತ ಕಡಿಮೆಯೋ ಜಾಸ್ತಿಯೋ ಎಂಬುದರ ಮೇಲಿದೆ. ರೇಟಿನ ಅಂತರವನ್ನು ಅದು ಒಂದು ಪೈಸೆಯೂ ಇಳಿಸುವುದಿಲ್ಲ.

ಭೋಗ್ಯದ ಕರಾರಿಗೆ ಇಂತಿಷ್ಟು ರೂಪಾಯಿ ಬೇಕು ಎಂದಿದ್ದರೆ ಫೋನಿನ ರೇಟಿನಿಂದ ಲೆಕ್ಕ ಹಾಕಬೇಡಿ. ನಿಮ್ಮ ಈ ಸಲದ 111.22ನ್ನೇ ಅದೇ ದಿನದ ಫೋನಿನ ರೇಟು 115ಕ್ಕೆ ಹೋಲಿಸಿದರೆ ಈ ದಾರಿಯಲ್ಲಿ ನೂರಕ್ಕೆ ಮೂರೂಕಾಲು ರೂಪಾಯಿಗಿಂತ ಸ್ವಲ್ಪ ಹೆಚ್ಚು ಸೋರಿದೆ. ಇದೇ ದಾರಿಯಾದರೆ ನೂರಕ್ಕೆ ನಾಲ್ಕರಂತೆ ಹೆಚ್ಚಿಗೆ ಕಳಿಸಲು ಅಕ್ಕನಿಗೆ ಹೇಳಿ, ಎರಡು ಮೂರು ದಿನದ ಏರಿಳಿತ ಸಣ್ಣದಾಗಿದ್ದರೆ ಅದಕ್ಕೂ ಸಾಲುತ್ತದೆ.

ಇನ್ನೊಂದು ಸಣ್ಣ ವಿಷಯ. ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿದಿರಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಇಲ್ಲಿಂದ ಹೊರದೇಶಕ್ಕೆ ಹಣ ಕಳಿಸುವಾಗಿನದು. ಒಡಹುಟ್ಟಿದವರು ಕೊಟ್ಟ ಹಣಕ್ಕೆ ನಿಮಗೆ ಆದಾಯ ತೆರಿಗೆಯೂ ಇಲ್ಲ, ಮೊತ್ತ ಎಷ್ಟೇ ಇರಲಿ. ಆದರೆ ಅಡ್ವೈಸಿನಲ್ಲಿ ಉದ್ದೇಶದ ಕೋಡ್ P1301, ಅಂದರೆ ಅನಿವಾಸಿ ಭಾರತೀಯರು ಕುಟುಂಬ ನಿರ್ವಹಣೆಗೆ ಕಳಿಸಿದ ಹಣ, ಅಥವಾ P1302, ಅಂದರೆ ವೈಯಕ್ತಿಕ ಉಡುಗೊರೆ, ಇವೆರಡರಲ್ಲಿ ಒಂದಾಗಿದೆಯೇ ನೋಡಿಕೊಳ್ಳಿ. ಅವಸರದಲ್ಲಿ ಯಾವುದೋ ಸೇವೆಗೆ ಬಂದ ಹಣ ಎಂಬ ಕೋಡ್ ಬಿದ್ದಿದ್ದರೆ ಆಗಲೇ ಬರೆದು ಕೊಟ್ಟು ಸರಿಪಡಿಸಿಕೊಳ್ಳಿ. ಮುಂದೆ ತೆರಿಗೆ ಇಲಾಖೆಯಿಂದ ಪ್ರಶ್ನೆ ಬಂದರೆ ಆ ಅಡ್ವೈಸು ಮತ್ತು ಅಕ್ಕನ ಪತ್ರ ಎರಡನ್ನೂ ತೋರಿಸಬಹುದು, ಪತ್ರವನ್ನು ಅಳಿಸಬೇಡಿ.